ಎಂಟು ದಿನಕ್ಕೆ ಅರ್ಧ

ಪ್ರವೇಶ ಪರೀಕ್ಷೆಗಳು ಹತ್ತಿರ ಬಂದವೆಂದರೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಫೋಟೊ ತಿರುಗಾಡತೊಡಗುತ್ತದೆ. ಗೈಡ್ ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಅವಸರದಿಂದ ತೆಗೆದದ್ದು. ಒಂದು ಮೂಲೆ ಮಸುಕು, ಇನ್ನೊಂದು ಮೂಲೆಯಲ್ಲಿ ಹೆಬ್ಬೆರಳಿನ ನೆರಳು. ನಡುವೆ ಒಂದು ಕೋಷ್ಟಕ: ಒಂದು ಕಡೆ ದಿನಗಳು, ಇನ್ನೊಂದು ಕಡೆ ಎಣಿಕೆಗಳು. ಅದರ ಮೇಲೆ ಎರಡು ಪ್ರಶ್ನೆ. ಈ ವಿಕಿರಣಶೀಲ ವಸ್ತುವಿನ ಅರ್ಧಾಯು ಎಷ್ಟು? ಇಂತಿಷ್ಟು ದಿನ ಕಳೆದ ಮೇಲೆ ಎಷ್ಟು ಪಟುತ್ವ ಉಳಿದಿರುತ್ತದೆ? ಉತ್ತರ ಕೇಳಿದವರಿಗೆ ಯಾರೋ ಒಬ್ಬರು ಸೂತ್ರವೊಂದನ್ನು ಬರೆದು ಕಳಿಸುತ್ತಾರೆ, ಮತ್ತೊಬ್ಬರು ಬೇರೆ ಉತ್ತರ ಹೇಳುತ್ತಾರೆ, ಕೊನೆಗೆ ಗುಂಪು ಆ ಪ್ರಶ್ನೆಯನ್ನು ಮರೆತು ಮುಂದಿನದಕ್ಕೆ ಹೋಗುತ್ತದೆ.

ಅಂಥದೊಂದು ಕೋಷ್ಟಕವನ್ನು ಇಲ್ಲಿ ಕೊಟ್ಟಿದ್ದೇನೆ. ಅಂಕಿಗಳನ್ನು ಈ ಲೇಖನಕ್ಕೆಂದೇ ಕಟ್ಟಿದ್ದು, ಆದರೆ ವಸ್ತು ನಿಜವಾದದ್ದು: ಅಯೋಡಿನ್-131. ಥೈರಾಯ್ಡ್ ಗ್ರಂಥಿಯ ಕಾಯಿಲೆಗೆ ಆಸ್ಪತ್ರೆಗಳಲ್ಲಿ ಕುಡಿಸುವ, ಇಲ್ಲವೇ ಕ್ಯಾಪ್ಸೂಲಿನಲ್ಲಿ ನುಂಗಿಸುವ ಅಯೋಡಿನ್ ಇದೇ. 1938ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಜಾನ್ ಲಿವಿಂಗುಡ್ ಮತ್ತು ಗ್ಲೆನ್ ಸೀಬೋರ್ಗ್ ಇದನ್ನು ಕಂಡುಹಿಡಿದರು. ಇದರ ಒಂದು ಹನಿಯನ್ನು ಗೈಗರ್ ಕೌಂಟರಿನ ಮುಂದಿಟ್ಟು, ಅಲುಗಾಡಿಸದೆ, ಆಗಾಗ ಎಣಿಸುತ್ತಾ ಹೋದೆವು ಎಂದುಕೊಳ್ಳಿ.

| ದಿನ | ನಿಮಿಷಕ್ಕೆ ಎಣಿಕೆ |
|---|---|
| 0 | 840 |
| 4 | 606 |
| 8 | 441 |
| 12 | 324 |
| 16 | 241 |
| 24 | 141 |
| 32 | 90 |

ಇಷ್ಟೇ ಫೋಟೊದಲ್ಲಿರುವುದು. ಪುಸ್ತಕದ ಪುಟದಲ್ಲಿ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು, ಫೋಟೊ ಕತ್ತರಿಸುವಾಗ ಅದು ಹೊರಗುಳಿಯಿತು. ಆ ಸಾಲಿನಲ್ಲಿ ಏನಿತ್ತು ಎನ್ನುವುದನ್ನು ಈಗಲೇ ಹೇಳುವುದಿಲ್ಲ. ಏನೋ ಕಾಣೆಯಾಗಿದೆ ಎಂದು ಅಂಕಿಗಳೇ ಹೇಳುತ್ತವೆಯೇ ನೋಡೋಣ.

ಲೆಕ್ಕಕ್ಕೆ ಇಳಿಯುವ ಮೊದಲು ತಲೆಸಾಲನ್ನು ಓದಬೇಕು. ಎಡಗಡೆ ಇರುವುದು ದಿನವೋ, ಗಂಟೆಯೋ? ಸಾಲುಗಳ ನಡುವಿನ ಅಂತರ ಒಂದೇ ಇದೆಯೇ? ನಮ್ಮ ಕೋಷ್ಟಕದಲ್ಲಿ 16ರವರೆಗೆ ನಾಲ್ಕು ನಾಲ್ಕು ದಿನ, ಆಮೇಲೆ ಎಂಟೆಂಟು. ಇದನ್ನು ಗಮನಿಸದೆ ಸಾಲುಗಳನ್ನಷ್ಟೇ ಎಣಿಸಿದವರು ಎಡವುತ್ತಾರೆ. ಬಲಗಡೆಯದು ಇನ್ನೂ ಮುಖ್ಯ. ಕೆಲವು ಕೋಷ್ಟಕಗಳಲ್ಲಿ ಅಲ್ಲಿರುವುದು ಉಳಿದ ಪರಮಾಣುಗಳ ಸಂಖ್ಯೆ, ಕೆಲವದರಲ್ಲಿ ಒಡೆದುಹೋದ ಪರಮಾಣುಗಳದ್ದು, ಕೆಲವದರಲ್ಲಿ ಪಟುತ್ವ. ಪಟುತ್ವವೆಂದರೆ ಒಂದು ಸೆಕೆಂಡಿಗೆ ಎಷ್ಟು ಪರಮಾಣುಗಳು ಒಡೆಯುತ್ತಿವೆ ಎಂಬ ಲೆಕ್ಕ. ಸೆಕೆಂಡಿಗೆ ಒಂದು ಒಡೆದರೆ ಅದು ಒಂದು ಬೆಕೆರಲ್. ಆಸ್ಪತ್ರೆಗಳಲ್ಲಿ ಇಂದಿಗೂ ಬಾಯಲ್ಲಿ ಓಡಾಡುವುದು ಹಳೆಯ ಅಳತೆಯಾದ ಮಿಲಿಕ್ಯೂರಿ. ಒಂದು ಮಿಲಿಕ್ಯೂರಿ ಎಂದರೆ 3 ಕೋಟಿ 70 ಲಕ್ಷ ಬೆಕೆರಲ್.

ನಮ್ಮ ಕೋಷ್ಟಕದಲ್ಲಿರುವುದು ಪಟುತ್ವವಲ್ಲ, ಕೌಂಟರು ಎಣಿಸಿದ ಸಂಖ್ಯೆ. ಹನಿಯಿಂದ ಹೊರಟ ಕಿರಣಗಳು ನಾಲ್ಕೂ ದಿಕ್ಕಿಗೆ ಚದುರುತ್ತವೆ, ಕೌಂಟರಿನ ಕಿಂಡಿಗೆ ಬೀಳುವುದು ಅವುಗಳಲ್ಲಿ ಒಂದು ಸಣ್ಣ ಪಾಲು. ಆ ಪಾಲು ಎಷ್ಟು ಎನ್ನುವುದು ಗೊತ್ತಿಲ್ಲದಿದ್ದರೂ ಅರ್ಧಾಯುವಿನ ಲೆಕ್ಕಕ್ಕೆ ಅಡ್ಡಿಯಿಲ್ಲ, ಯಾಕೆಂದರೆ ನಮಗೆ ಬೇಕಾಗಿರುವುದು ಎರಡು ದಿನಗಳ ಎಣಿಕೆಯ ಅನುಪಾತ ಮಾತ್ರ. ಆದರೆ ಆ ಪಾಲು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರಬೇಕು. ಎಂಟನೆಯ ದಿನ ಯಾರೋ ಮೇಜು ಒರೆಸುವಾಗ ತಟ್ಟೆಯನ್ನು ಅರ್ಧ ಸೆಂಟಿಮೀಟರ್ ಸರಿಸಿದರೆ ಅಲ್ಲಿಂದ ಮುಂದಿನ ಅಂಕಿಗಳೆಲ್ಲ ಬೇರೆಯೇ ಕೋಷ್ಟಕದವು.

ಇನ್ನು ಅರ್ಧಾಯು. 840ರ ಅರ್ಧ 420. ಕೋಷ್ಟಕದಲ್ಲಿ ಎಂಟನೆಯ ದಿನ 441 ಇದೆ, ಹನ್ನೆರಡನೆಯ ದಿನ 324. ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲಿಟ್ಟು ನಯವಾದ ಗೆರೆ ಎಳೆದರೆ 420ಕ್ಕೆ ಬರುವುದು ಸುಮಾರು 8.6 ದಿನಕ್ಕೆ. ಬಹುತೇಕ ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲಿಸಿ ಉತ್ತರ ಬರೆದುಬಿಡುತ್ತಾರೆ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. 420ರ ಅರ್ಧ 210. ಅದೇ ಗೆರೆಯ ಮೇಲೆ 210 ಸಿಗುವುದು ಹೆಚ್ಚುಕಡಿಮೆ 17.9ನೆಯ ದಿನ. ಅಂದರೆ ಎರಡನೆಯ ಸಲ ಅರ್ಧವಾಗಲು 9.3 ದಿನ ಬೇಕಾಯಿತು. 210ರ ಅರ್ಧ 105. ಅದು ಬರುವುದು ಸುಮಾರು 29ನೆಯ ದಿನ. ಮೂರನೆಯ ಅರ್ಧಕ್ಕೆ 11 ದಿನ.

8.6, ಆಮೇಲೆ 9.3, ಆಮೇಲೆ 11. ಅಯೋಡಿನ್ ದಿನ ಕಳೆದಂತೆ ಸೋಮಾರಿಯಾಗುತ್ತಿದೆ ಎಂದು ಕೋಷ್ಟಕ ಹೇಳುತ್ತಿದೆ. ಇದು ಸಾಧ್ಯವಿಲ್ಲ. ಯಾಕೆ ಸಾಧ್ಯವಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು, ಅರ್ಧಾಯುವಿನ ಇಡೀ ವಿಚಾರ ನಿಂತಿರುವುದೇ ಅದರ ಮೇಲೆ.

ಚೌಕಾಬಾರದ ಕವಡೆಗಳನ್ನು ನೆನಪಿಸಿಕೊಳ್ಳಿ. ಎಂಟುನೂರು ಕವಡೆಗಳನ್ನು ಒಟ್ಟಿಗೆ ಚೆಲ್ಲಿ ಬಾಯಿ ಮೇಲಾಗಿ ಬಿದ್ದವನ್ನೆಲ್ಲ ಆರಿಸಿ ತೆಗೆದುಬಿಡಿ. ಉಳಿದವನ್ನು ಮತ್ತೆ ಚೆಲ್ಲಿ, ಮತ್ತೆ ಆರಿಸಿ. ಹತ್ತು ಸಲ ಕವುಚಿ ಬಿದ್ದು ಉಳಿದುಕೊಂಡ ಕವಡೆಗೆ ಹನ್ನೊಂದನೆಯ ಸಲ ಬಾಯಿ ಮೇಲಾಗುವ ಸಾಧ್ಯತೆ ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಅದಕ್ಕೆ ಹಿಂದಿನ ಆಟದ ನೆನಪಿಲ್ಲ. ಅಯೋಡಿನ್-131ರ ಪರಮಾಣುವಿಗೂ ವಯಸ್ಸೆಂಬುದಿಲ್ಲ. ಇವತ್ತು ತಯಾರಾದದ್ದಾಗಲಿ, ತಿಂಗಳ ಹಿಂದಿನದಾಗಲಿ, ಮುಂದಿನ ಒಂದು ದಿನದಲ್ಲಿ ಅದು ಒಡೆದು ಜೀನಾನ್ ಆಗುವ ಸಾಧ್ಯತೆ ನೂರಕ್ಕೆ ಸುಮಾರು ಎಂಟು. ಹಾಗಾಗಿ ಪ್ರತಿ ದಿನ ಇದ್ದುದರಲ್ಲಿ ನೂರಕ್ಕೆ ಎಂಟರಷ್ಟು ಹೋಗುತ್ತದೆ. ಇದ್ದದ್ದೇ ಕಡಿಮೆಯಾದಾಗ ಹೋಗುವುದೂ ಕಡಿಮೆ, ಆದರೆ ಪ್ರಮಾಣ ಬದಲಾಗುವುದಿಲ್ಲ. ನೀವು ಯಾವ ದಿನದಿಂದ ಎಣಿಸಲು ಶುರು ಮಾಡಿದರೂ ಅರ್ಧವಾಗಲು ಹಿಡಿಯುವ ಕಾಲ ಒಂದೇ.

ಈ ನಿಯಮವನ್ನು ಮೊದಲು ಹಿಡಿದದ್ದೂ ಇಂಥದ್ದೇ ಅಳತೆಯಿಂದ. 1898ರಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಗಿಲ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿನ ಸಹೋದ್ಯೋಗಿ ಓವೆನ್ಸ್ ಅವರು ಥೋರಿಯಂ ಸಂಯುಕ್ತಗಳ ವಿಕಿರಣವನ್ನು ಅಳೆಯುತ್ತಿದ್ದಾಗ ಗಾಳಿ ಆಡಿದರೆ ಅಳತೆ ಏರುಪೇರಾಗುವುದನ್ನು ಕಂಡಿದ್ದರು. ಥೋರಿಯಂನಿಂದ ಯಾವುದೋ ವಿಕಿರಣಶೀಲ ಅನಿಲ ಹೊರಬರುತ್ತಿದೆ, ಗಾಳಿ ಅದನ್ನು ಹೊತ್ತೊಯ್ಯುತ್ತಿದೆ ಎಂಬುದು ರುದರ್‌ಫೋರ್ಡರಿಗೆ ಹೊಳೆಯಿತು. ಆ ಅನಿಲವನ್ನು ಪ್ರತ್ಯೇಕಿಸಿ ಪಾತ್ರೆಯೊಂದರಲ್ಲಿ ಹಿಡಿದಿಟ್ಟು ಅದರ ಬಲ ಕುಗ್ಗುವುದನ್ನು ಅಳೆದರು. ಸುಮಾರು ಒಂದು ನಿಮಿಷಕ್ಕೆ ಅರ್ಧ, ಎರಡು ನಿಮಿಷಕ್ಕೆ ಕಾಲು, ಹೀಗೆ. 1900ರಲ್ಲಿ ಪ್ರಕಟವಾದ ಆ ಅನಿಲವನ್ನು ನಾವು ಇಂದು ರೇಡಾನ್-220 ಎನ್ನುತ್ತೇವೆ, ಅದರ ಅರ್ಧಾಯು 55.6 ಸೆಕೆಂಡು. ಆಗಿನ ಉಪಕರಣಗಳನ್ನು ನೆನೆದರೆ ರುದರ್‌ಫೋರ್ಡರ ಒಂದು ನಿಮಿಷ ಎಷ್ಟು ಹತ್ತಿರದ್ದು ಎಂದು ಅಚ್ಚರಿಯಾಗುತ್ತದೆ.

ಹಾಗಾದರೆ ನಮ್ಮ ಕೋಷ್ಟಕದಲ್ಲಿ ಅರ್ಧಾಯು ಬೆಳೆಯುತ್ತಿರುವುದಕ್ಕೆ ಕಾರಣವೇನು? ಕೌಂಟರು ಅಯೋಡಿನ್ನನ್ನು ಮಾತ್ರ ಎಣಿಸುತ್ತಿಲ್ಲ. ಅಯೋಡಿನ್ ಇರುವ ತಟ್ಟೆಯನ್ನು ಎತ್ತಿ ಇನ್ನೊಂದು ಕೋಣೆಗೆ ಒಯ್ದರೂ ಗೈಗರ್ ಕೌಂಟರು ಟಿಕ್ ಟಿಕ್ ಎನ್ನುವುದನ್ನು ನಿಲ್ಲಿಸುವುದಿಲ್ಲ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು, ಗೋಡೆಯ ಇಟ್ಟಿಗೆ ಮತ್ತು ನೆಲಕ್ಕೆ ಹಾಸಿದ ಗ್ರಾನೈಟ್‌ನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ, ಗಾಳಿಯಲ್ಲಿರುವ ರೇಡಾನ್, ಎಲ್ಲವೂ ಅದರಲ್ಲಿ ಸೇರಿವೆ. ಇದನ್ನು ಹಿನ್ನೆಲೆ ಎಣಿಕೆ ಎನ್ನುತ್ತಾರೆ. ಅಯೋಡಿನ್ ಕರಗುತ್ತಾ ಹೋದರೂ ಹಿನ್ನೆಲೆ ಇದ್ದಲ್ಲೇ ಇರುತ್ತದೆ. ಮೊದಲ ದಿನ 840ರ ಮುಂದೆ ಅದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು, 32ನೆಯ ದಿನ ಹತ್ತಿರ ಹತ್ತಿರ ಅರ್ಧ ಎಣಿಕೆ ಅದರದ್ದೇ. ಕೋಷ್ಟಕದ ಬಾಲ ಕೆಳಗಿಳಿಯಲು ಹಿಂಜರಿಯುವುದು ಅದಕ್ಕೇ.

ಫೋಟೊದಲ್ಲಿ ಕತ್ತರಿಸಿಹೋದ ಸಾಲಿನಲ್ಲಿ ಇದ್ದದ್ದು ಇದು: ಹಿನ್ನೆಲೆ, ನಿಮಿಷಕ್ಕೆ 40.

ಆ ಸಾಲು ಸಿಗದೇ ಹೋದರೆ ಏನು ಮಾಡಬೇಕು? ಇಲ್ಲೊಂದು ಉಪಾಯವಿದೆ, ಪರೀಕ್ಷೆಯ ಗೈಡುಗಳಲ್ಲಿ ಇದನ್ನು ಯಾಕೆ ಹೇಳಿಕೊಡುವುದಿಲ್ಲವೋ ಗೊತ್ತಿಲ್ಲ. ಎಣಿಕೆಗಳನ್ನು ಬಿಟ್ಟು ಎಣಿಕೆಗಳ ನಡುವಿನ ಇಳಿತವನ್ನು ನೋಡಿ. ಎಂಟೆಂಟು ದಿನದ ಸಾಲುಗಳನ್ನು ಮಾತ್ರ ತೆಗೆದುಕೊಳ್ಳೋಣ: 840, 441, 241, 141, 90. ಮೊದಲ ಎಂಟು ದಿನದಲ್ಲಿ ಇಳಿದದ್ದು 399. ಮುಂದಿನ ಎಂಟು ದಿನದಲ್ಲಿ 200. ಆಮೇಲೆ 100. ಕೊನೆಗೆ 51. ಪ್ರತಿ ಸಲವೂ ಹಿಂದಿನದರ ಅರ್ಧ. ಎರಡು ಎಣಿಕೆಗಳಲ್ಲೂ ಹಿನ್ನೆಲೆ ಅಷ್ಟೇ ಇರುವುದರಿಂದ ಒಂದರಿಂದ ಇನ್ನೊಂದನ್ನು ಕಳೆದಾಗ ಅದು ತಾನಾಗಿ ಹೊರಟುಹೋಗುತ್ತದೆ, ಉಳಿಯುವುದು ಅಯೋಡಿನ್‌ನ ಪಾಲು ಮಾತ್ರ. ಅರ್ಧಾಯು ಎಂಟು ದಿನ ಎಂಬುದು ಸೂತ್ರವೂ ಇಲ್ಲದೆ, ಹಿನ್ನೆಲೆಯ ಅಂಕಿಯೂ ಇಲ್ಲದೆ ಕಣ್ಣಿಗೆ ಕಾಣಿಸಿಬಿಟ್ಟಿತು.

ಹಿನ್ನೆಲೆಯೂ ಇದರಿಂದಲೇ ಸಿಗುತ್ತದೆ. ಮೊದಲ ಅರ್ಧಾಯುವಿನಲ್ಲಿ 399 ಇಳಿಯಿತೆಂದರೆ ಅಯೋಡಿನ್‌ನ ಒಟ್ಟು ಎಣಿಕೆ ಅದರ ಎರಡರಷ್ಟು, ಅಂದರೆ 798 ಇದ್ದಿರಬೇಕು. ಕೌಂಟರು ತೋರಿಸಿದ್ದು 840. ವ್ಯತ್ಯಾಸ 42. ಕಾಣೆಯಾದ ಸಾಲಿನ 40ಕ್ಕೆ ಇದು ಸಾಕಷ್ಟು ಹತ್ತಿರ.

ಈಗ ಪ್ರತಿ ಸಾಲಿನಿಂದಲೂ 40 ಕಳೆಯಿರಿ: 800, 566, 401, 284, 201, 101, 50. ಈ ಅಂಕಿಗಳಲ್ಲಿ ಎಲ್ಲಿಂದ ಬೇಕಾದರೂ ಶುರು ಮಾಡಿ ತಾಳೆ ನೋಡಬಹುದು. ಸೊನ್ನೆಯಿಂದ ಎಂಟನೆಯ ದಿನಕ್ಕೆ 800 ಹೋಗಿ 401 ಆಯಿತು. ನಾಲ್ಕರಿಂದ ಹನ್ನೆರಡಕ್ಕೆ 566 ಹೋಗಿ 284. ಹದಿನಾರರಿಂದ ಇಪ್ಪತ್ತನಾಲ್ಕಕ್ಕೆ 201 ಹೋಗಿ 101. ಸೋಮಾರಿತನ ಮಾಯವಾಗಿದೆ.

ಎಲ್ಲ ಕೋಷ್ಟಕಗಳಲ್ಲೂ ಹೀಗೆ ಸರಿಯಾಗಿ ಅರ್ಧದ ಸಾಲು ಸಿಗುವುದಿಲ್ಲ. ಸಿಗದಿದ್ದಾಗ ಲಾಗರಿತಮ್ ಬೇಕು. ಸೊನ್ನೆ ಮತ್ತು ಹನ್ನೆರಡನೆಯ ದಿನಗಳನ್ನೇ ತೆಗೆದುಕೊಳ್ಳಿ. 800ನ್ನು 284ರಿಂದ ಭಾಗಿಸಿದರೆ 2.817. ಹನ್ನೆರಡು ದಿನದಲ್ಲಿ ಎರಡರಷ್ಟಕ್ಕಿಂತ ಹೆಚ್ಚು, ನಾಲ್ಕರಷ್ಟಕ್ಕಿಂತ ಕಡಿಮೆ ಕುಗ್ಗಿದೆ, ಅಂದರೆ ಅರ್ಧಾಯು ಆರು ದಿನಕ್ಕಿಂತ ಹೆಚ್ಚು, ಹನ್ನೆರಡಕ್ಕಿಂತ ಕಡಿಮೆ. ಕ್ಯಾಲ್ಕುಲೇಟರ್ ಮುಟ್ಟುವ ಮೊದಲೇ ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಆಮೇಲೆ ತಪ್ಪು ಬಟನ್ ಒತ್ತಿದ್ದು ತಿಳಿಯುತ್ತದೆ. ಇನ್ನು ಲೆಕ್ಕ:

T = 12 × log 2 ÷ log 2.817 = 12 × 0.3010 ÷ 0.4498 = 8.03

ಪುಸ್ತಕಗಳಲ್ಲಿ ಅಯೋಡಿನ್-131ಕ್ಕೆ ಕೊಟ್ಟಿರುವ ಅರ್ಧಾಯು 8.02 ದಿನ. ಇಲ್ಲಿ `log` ಒತ್ತಿದರೂ ಸರಿ, `ln` ಒತ್ತಿದರೂ ಸರಿ, ಮೇಲೆ ಕೆಳಗೆ ಎರಡೂ ಕಡೆ ಒಂದೇ ಆಗಿದ್ದರಾಯಿತು. ಒಂದು ಕಡೆ 0.693 ಬರೆದು ಇನ್ನೊಂದು ಕಡೆ `log` ಒತ್ತುವುದು ವಿದ್ಯಾರ್ಥಿಗಳ ಖಾಯಂ ಎಡವಟ್ಟು. ಹಾಗೆ ಮಾಡಿದರೆ 18 ದಿನಕ್ಕಿಂತ ಹೆಚ್ಚಿನ ಉತ್ತರ ಬರುತ್ತದೆ. ಆರಕ್ಕೂ ಹನ್ನೆರಡಕ್ಕೂ ನಡುವೆ ಇರಬೇಕಿತ್ತಲ್ಲ ಎಂಬುದು ನೆನಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಯಾವ ಎರಡು ಸಾಲುಗಳನ್ನು ಆರಿಸಿಕೊಳ್ಳಬೇಕು ಎನ್ನುವುದೂ ಸಣ್ಣ ವಿಚಾರವಲ್ಲ. ಪರಮಾಣುಗಳು ಗಡಿಯಾರ ನೋಡಿ ಒಡೆಯುವುದಿಲ್ಲ. ಒಂದು ನಿಮಿಷ ಎಣಿಸಿ 90 ಬಂದರೆ, ಮರುನಿಮಿಷ ಅದೇ ಹನಿ 80 ಕೊಡಬಹುದು, 100 ಕೊಡಬಹುದು. ಎಣಿಕೆಯ ವರ್ಗಮೂಲದಷ್ಟು ಏರಿಳಿತ ಇದ್ದೇ ಇರುತ್ತದೆ ಎನ್ನುವುದು ಇದರ ಸ್ಥೂಲ ನಿಯಮ. 840ರಲ್ಲಿ 29ರ ಏರಿಳಿತ ಅಂಥ ದೊಡ್ಡದಲ್ಲ. ಆದರೆ 90ರಲ್ಲಿ ಒಂಬತ್ತೋ ಹತ್ತೋ ಆಚೀಚೆಯಾದರೆ, ಹಿನ್ನೆಲೆ ಕಳೆದ ಮೇಲೆ ಉಳಿಯುವ 50 ಎನ್ನುವುದು 40 ಆದರೂ ಆಯಿತು, 60 ಆದರೂ ಆಯಿತು. ಆ ಸಾಲನ್ನು ನಂಬಿ ಅರ್ಧಾಯು ಹೇಳಲಾಗದು. ಪ್ರಯೋಗಾಲಯದಲ್ಲಿ ಅನುಭವವಿದ್ದವರು ಕೊನೆಯ ದಿನಗಳಲ್ಲಿ ಒಂದು ನಿಮಿಷದ ಬದಲು ಹತ್ತು ನಿಮಿಷ ಎಣಿಸುತ್ತಾರೆ. ಒಟ್ಟು 900ಕ್ಕೆ 30ರ ಏರಿಳಿತ, ನಿಮಿಷಕ್ಕೆ ಹಂಚಿದರೆ ಮೂರು. ನನ್ನ ಕೋಷ್ಟಕದಷ್ಟು ನಯವಾದ ಅಂಕಿಗಳು ಬರಬೇಕಾದರೆ ಅದಕ್ಕೂ ಹೆಚ್ಚು ಹೊತ್ತು ಕೂತು ಎಣಿಸಬೇಕು. ಪುಸ್ತಕದ ಕೋಷ್ಟಕಗಳು ಇಷ್ಟು ಅಚ್ಚುಕಟ್ಟಾಗಿರುವುದು ಯಾರೂ ಎಣಿಸದೆ ಸೂತ್ರದಿಂದಲೇ ತಯಾರಿಸಿರುವುದರಿಂದ.

ಮೇಲಿನ ತುದಿಯಲ್ಲಿ ಬೇರೊಂದು ತೊಂದರೆಯಿದೆ. ಗೈಗರ್ ಕೊಳವೆ ಒಂದು ಕಿರಣವನ್ನು ಎಣಿಸಿದ ಮೇಲೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಕುರುಡಾಗಿರುತ್ತದೆ. ನಿಮಿಷಕ್ಕೆ 840 ಬರುವಾಗ ಇದರಿಂದ ಏನೂ ಆಗದು. ಸೆಕೆಂಡಿಗೆ ಸಾವಿರ ಬರತೊಡಗಿದರೆ ನೂರಕ್ಕೆ ಹತ್ತರಷ್ಟು ತಪ್ಪಿಹೋಗುತ್ತವೆ. ಆಗ ಮೊದಲ ಸಾಲುಗಳು ಇರಬೇಕಾದ್ದಕ್ಕಿಂತ ಕಡಿಮೆ ತೋರುತ್ತವೆ, ಮೊದಲ ಅರ್ಧಾಯು ಉದ್ದವಾಗಿಯೂ ಮುಂದಿನವು ಸರಿಯಾಗಿಯೂ ಕಾಣುತ್ತವೆ. ಹಿನ್ನೆಲೆ ಬಿಟ್ಟುಹೋದ ಕೋಷ್ಟಕ ಬಾಲದಲ್ಲಿ ಕೆಡುತ್ತದೆ, ತೀರಾ ಪ್ರಬಲವಾದ ವಸ್ತುವಿನ ಕೋಷ್ಟಕ ತಲೆಯಲ್ಲಿ ಕೆಡುತ್ತದೆ. ಎಲ್ಲಿ ಕೆಟ್ಟಿದೆ ಎಂದು ನೋಡಿ ಯಾಕೆ ಕೆಟ್ಟಿತು ಎಂದು ಹೇಳಬಹುದು.

ಇನ್ನು ಎರಡನೆಯ ಪ್ರಶ್ನೆ. 20 ದಿನದ ಮೇಲೆ ಎಷ್ಟು ಉಳಿದಿರುತ್ತದೆ? ಇಪ್ಪತ್ತು ದಿನವೆಂದರೆ ಎರಡೂವರೆ ಅರ್ಧಾಯು. ಎರಡು ಅರ್ಧಾಯುವಿಗೆ 200, ಮೂರಕ್ಕೆ 100, ಎರಡೂವರೆಗೆ ನಡುವಿನ 150 ಎಂದು ಬರೆಯುವವರೇ ಹೆಚ್ಚು. ಆದರೆ ಇಳಿತ ಸಮನಾಗಿ ಹಂಚಿಹೋಗುವುದಿಲ್ಲ. ಅರ್ಧ ಅರ್ಧಾಯುವಿನಲ್ಲಿ, ಅಂದರೆ ನಾಲ್ಕು ದಿನದಲ್ಲಿ, ನೂರಕ್ಕೆ 75 ಉಳಿಯುವುದಿಲ್ಲ, ಸುಮಾರು 71 ಉಳಿಯುತ್ತದೆ. ಯಾಕೆಂದರೆ ಒಂದು ಸಂಖ್ಯೆಯಿಂದ ಎರಡು ಸಲ ಗುಣಿಸಿ ಅರ್ಧ ಬರಬೇಕಾದರೆ ಆ ಸಂಖ್ಯೆ 0.707 ಆಗಿರಬೇಕು, 0.75 ಅಲ್ಲ. ಹಾಗಾಗಿ 201ನ್ನು 0.707ರಿಂದ ಗುಣಿಸಿದರೆ ಸಿಗುವ 142 ಸರಿಯಾದ ಉತ್ತರ. ಕೋಷ್ಟಕವನ್ನೇ ಕೇಳಿದರೂ ಇದನ್ನೇ ಹೇಳುತ್ತದೆ: ನಾಲ್ಕನೆಯ ದಿನದ 566ನ್ನು ಎರಡು ಸಲ ಅರ್ಧ ಮಾಡಿದರೆ 283, 142. ಅಂದು ಕೌಂಟರಿನಲ್ಲಿ ಕಾಣುವ ಅಂಕಿ ಕೇಳಿದ್ದರೆ ಕಳೆದಿಟ್ಟಿದ್ದ ಹಿನ್ನೆಲೆಯನ್ನು ಮತ್ತೆ ಕೂಡಿಸಿ 182 ಎನ್ನಬೇಕು. ಉಳಿದ ಪಟುತ್ವ ಆರಂಭದ್ದರಲ್ಲಿ ಎಷ್ಟು ಪಾಲು ಎಂದು ಕೇಳಿದ್ದರೆ 142ನ್ನು 800ರಿಂದ ಭಾಗಿಸಬೇಕು, ನೂರಕ್ಕೆ ಸುಮಾರು 18. ಪ್ರಶ್ನೆಯನ್ನು ಪೂರ್ತಿ ಓದದೆ ಸರಿಯಾದ ಲೆಕ್ಕಕ್ಕೆ ತಪ್ಪು ಉತ್ತರ ಬರೆದವರು ಬಹಳ ಮಂದಿ.

ಪರೀಕ್ಷೆಯಲ್ಲಿ ಇದು ಒಂದೋ ಎರಡೋ ಅಂಕದ ಮಾತು. ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಇದೇ ಲೆಕ್ಕ ದಿನನಿತ್ಯದ ಕೆಲಸ. ನಮ್ಮ ದೇಶದ ಆಸ್ಪತ್ರೆಗಳಿಗೆ ಅಯೋಡಿನ್-131 ಒದಗಿಸುವ ಮುಖ್ಯ ಸಂಸ್ಥೆ ನವಿ ಮುಂಬೈಯಲ್ಲಿರುವ ಬ್ರಿಟ್, ಅಣುಶಕ್ತಿ ಇಲಾಖೆಯ ಒಂದು ಅಂಗ. ಸೀಸದ ಗಟ್ಟಿ ಡಬ್ಬಿಯೊಳಗೆ ಬರುವ ಸಣ್ಣ ಸೀಸೆಯ ಜೊತೆಗೆ ಒಂದು ಚೀಟಿ ಇರುತ್ತದೆ. ಅದರಲ್ಲಿ ಪಟುತ್ವ ಎಷ್ಟು ಎಂಬುದರ ಪಕ್ಕದಲ್ಲೇ ದಿನಾಂಕ ಮತ್ತು ಗಂಟೆ ನಮೂದಾಗಿರುತ್ತದೆ. ಯಾವ ಹೊತ್ತಿಗೆ ಅಷ್ಟು ಪಟುತ್ವ ಎಂದು ಹೇಳದೆ ಪಟುತ್ವವನ್ನಷ್ಟೇ ಬರೆದರೆ ಆ ಚೀಟಿಗೆ ಅರ್ಥವೇ ಇಲ್ಲ.

ಒಂದು ಉದಾಹರಣೆ ಬಿಡಿಸೋಣ. ಚೀಟಿಯಲ್ಲಿ ಸೋಮವಾರ ಮಧ್ಯಾಹ್ನ 12ಕ್ಕೆ 100 ಮಿಲಿಕ್ಯೂರಿ, 10 ಮಿಲಿಲೀಟರ್ ದ್ರಾವಣ ಎಂದಿದೆ. ರೋಗಿಗೆ 20 ಮಿಲಿಕ್ಯೂರಿ ಕೊಡಬೇಕಾದದ್ದು ಗುರುವಾರ ಮಧ್ಯಾಹ್ನ 12ಕ್ಕೆ. ನಡುವೆ ಮೂರು ದಿನ. ಇಂಥ ವಿಭಾಗಗಳಲ್ಲಿ ಕೈಗೆಟಕುವಂತೆ ಇಟ್ಟುಕೊಳ್ಳುವ ಒಂದು ಪಟ್ಟಿಯಿದೆ, ಎಷ್ಟು ದಿನಕ್ಕೆ ಎಷ್ಟು ಪಾಲು ಉಳಿಯುತ್ತದೆ ಎಂದು ಹೇಳುವಂಥದ್ದು. ಅಯೋಡಿನ್-131ಕ್ಕೆ ಒಂದು ದಿನಕ್ಕೆ 0.917, ಎರಡು ದಿನಕ್ಕೆ 0.841, ನಾಲ್ಕಕ್ಕೆ 0.708, ಎಂಟಕ್ಕೆ 0.501. ಮೂರು ದಿನದ ಸಾಲು ಪಟ್ಟಿಯಲ್ಲಿ ಇಲ್ಲದಿದ್ದರೆ ಒಂದು ದಿನದ್ದನ್ನೂ ಎರಡು ದಿನದ್ದನ್ನೂ ಗುಣಿಸಿದರೆ ಸಾಕು: 0.917 × 0.841, ಅಂದರೆ 0.771. ದಿನಗಳನ್ನು ಕೂಡಿಸುವಾಗ ಪಾಲುಗಳನ್ನು ಗುಣಿಸಬೇಕು, ಇಷ್ಟು ಗೊತ್ತಿದ್ದರೆ ನಾಲ್ಕೇ ಸಾಲಿನ ಪಟ್ಟಿಯಿಂದ ಹದಿನೈದು ದಿನದವರೆಗಿನ ಎಲ್ಲ ದಿನಗಳ ಲೆಕ್ಕ ಹೊರಡುತ್ತದೆ.

ಗುರುವಾರ ಸೀಸೆಯಲ್ಲಿರುವುದು 77 ಮಿಲಿಕ್ಯೂರಿ, ಅಂದರೆ ಪ್ರತಿ ಮಿಲಿಲೀಟರಿಗೆ 7.7. ರೋಗಿಗೆ 20 ಕೊಡಲು ಎತ್ತಬೇಕಾದದ್ದು 2.6 ಮಿಲಿಲೀಟರ್. ಚೀಟಿಯ ದಿನಾಂಕ ನೋಡದೆ ಮಿಲಿಲೀಟರಿಗೆ 10 ಎಂದುಕೊಂಡು 2 ಮಿಲಿಲೀಟರ್ ಎತ್ತಿದರೆ ರೋಗಿಗೆ ಸಿಗುವುದು 15 ಚಿಲ್ಲರೆ ಮಾತ್ರ. ಚಿಕಿತ್ಸೆಗೆ ಬೇಕಾದ್ದರಲ್ಲಿ ಕಾಲು ಭಾಗ ಖೋತಾ. ಇದಕ್ಕೇ ಕೊಡುವ ಮುನ್ನ ಡೋಸ್ ಕ್ಯಾಲಿಬ್ರೇಟರ್ ಎಂಬ ಬಾವಿಯಾಕಾರದ ಯಂತ್ರದೊಳಗೆ ಇಳಿಸಿ ಪಟುತ್ವವನ್ನು ಇನ್ನೊಮ್ಮೆ ಅಳೆಯುತ್ತಾರೆ. ಲೆಕ್ಕವೂ ಅಳತೆಯೂ ಒಂದಕ್ಕೊಂದು ತಾಳೆಯಾಗದಿದ್ದರೆ ಮುಂದುವರಿಯುವುದಿಲ್ಲ.

ಕೆಲವೊಮ್ಮೆ ಚೀಟಿಯ ದಿನಾಂಕ ಇನ್ನೂ ಬಂದೇ ಇರುವುದಿಲ್ಲ. ಡಬ್ಬಿ ಶನಿವಾರ ತಲುಪಿದೆ, ಚೀಟಿ ಸೋಮವಾರದ್ದು. ಇದರಲ್ಲಿ ತಪ್ಪೇನಿಲ್ಲ, ಬಳಸುವ ದಿನಕ್ಕೆ ಇಷ್ಟಿರಲಿ ಎಂದು ಮುಂಚಿತವಾಗಿ ಹೆಚ್ಚು ತುಂಬಿ ಕಳಿಸಿರುತ್ತಾರೆ. ಆಗ ಕಾಲವನ್ನು ಹಿಂದಕ್ಕೆ ಓಡಿಸಬೇಕು, ಗುಣಿಸುವ ಬದಲು ಭಾಗಿಸಬೇಕು. 100ನ್ನು 0.841ರಿಂದ ಭಾಗಿಸಿದರೆ 119. ಶನಿವಾರ ಮಧ್ಯಾಹ್ನ ಸೀಸೆಯಲ್ಲಿ ಚೀಟಿ ಹೇಳಿದ್ದಕ್ಕಿಂತ 19 ಮಿಲಿಕ್ಯೂರಿ ಹೆಚ್ಚೇ ಇದೆ.

ರೋಗಿ ಅಯೋಡಿನ್ ನುಂಗಿದ ಮೇಲೆ ಲೆಕ್ಕ ಇನ್ನೊಂದು ತಿರುವು ಪಡೆಯುತ್ತದೆ. ಪ್ರತ್ಯೇಕ ಕೋಣೆಯಲ್ಲಿರುವ ರೋಗಿಯಿಂದ ಒಂದು ಮೀಟರ್ ದೂರದಲ್ಲಿ ಮೀಟರ್ ಹಿಡಿದು ವಿಕಿರಣದ ಮಟ್ಟವನ್ನು ಆಗಾಗ ಬರೆದುಕೊಳ್ಳುತ್ತಾರೆ. ಥೈರಾಯ್ಡ್ ಕ್ಯಾನ್ಸರಿಗಾಗಿ ಗ್ರಂಥಿಯನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆದವರಲ್ಲಿ ಆ ಕೋಷ್ಟಕ ಬೇಗ ಬೇಗ ಇಳಿಯುತ್ತದೆ. ಉದಾಹರಣೆಗೆ 16 ಗಂಟೆಗೆ ಅರ್ಧವಾಯಿತು ಎನ್ನೋಣ. ಎಂಟು ದಿನ ಎಲ್ಲಿ, 16 ಗಂಟೆ ಎಲ್ಲಿ! ಅಯೋಡಿನ್ ಬೇಗ ಒಡೆಯತೊಡಗಿದೆ ಎಂದಲ್ಲ. ಅದನ್ನು ಹಿಡಿದಿಟ್ಟುಕೊಳ್ಳುವ ಗ್ರಂಥಿಯೇ ಇಲ್ಲವಾದ್ದರಿಂದ ಮೂತ್ರಪಿಂಡಗಳು ಅದನ್ನು ಹೊರಹಾಕುತ್ತಿವೆ. ಒಡೆದು ಹೋಗುವುದು ಒಂದು ದಾರಿ, ಮೂತ್ರದಲ್ಲಿ ಹೋಗುವುದು ಇನ್ನೊಂದು. ಎರಡೂ ಒಟ್ಟಿಗೆ ನಡೆಯುವಾಗ ಮೀಟರ್ ತೋರಿಸುವುದು ಒಟ್ಟು ಇಳಿತವನ್ನು. ಇದನ್ನು ಪರಿಣಾಮಕಾರಿ ಅರ್ಧಾಯು ಎನ್ನುತ್ತಾರೆ, ಅದು ಎರಡರಲ್ಲಿ ಚಿಕ್ಕದಕ್ಕಿಂತಲೂ ಯಾವಾಗಲೂ ಚಿಕ್ಕದು. ನಮ್ಮ ಉದಾಹರಣೆಯಲ್ಲಿ ದೇಹ ತಾನೇ ಹೊರಹಾಕಿ ಅರ್ಧ ಮಾಡಲು ಹಿಡಿಯುವ ಕಾಲ ಸುಮಾರು ಹದಿನೇಳೂವರೆ ಗಂಟೆ, ಒಡೆಯುವಿಕೆಯೂ ಕೂಡಿಕೊಂಡು 16 ಆಗಿದೆ. ಆರೋಗ್ಯವಂತ ಗ್ರಂಥಿಯಲ್ಲಾದರೆ ಇದು ತಿರುಗುಮುರುಗು. ಅದು ಅಯೋಡಿನ್ನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಹೊರಹಾಕಿ ಅರ್ಧ ಮಾಡಲು ಅದಕ್ಕೆ 80 ದಿನ ಬೇಕೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಅಲ್ಲಿ ಪರಿಣಾಮಕಾರಿ ಅರ್ಧಾಯು 7.3 ದಿನ, ಮೂಲ ಎಂಟಕ್ಕೆ ಹತ್ತಿರ.

ರೋಗಿಯನ್ನು ಯಾವಾಗ ಮನೆಗೆ ಕಳಿಸಬಹುದು ಎಂಬುದು ನಿಂತಿರುವುದು ಈ ಎರಡನೆಯ ಅರ್ಧಾಯುವಿನ ಮೇಲೆ. 48 ಗಂಟೆಯಲ್ಲಿ 16 ಗಂಟೆಯ ಮೂರು ಅರ್ಧಾಯು ಮುಗಿದು ದೇಹದಲ್ಲಿ ಉಳಿಯುವುದು ಎಂಟರಲ್ಲೊಂದು ಪಾಲು. ಪುಸ್ತಕದ 8.02 ದಿನವನ್ನೇ ಹಿಡಿದು ಲೆಕ್ಕ ಹಾಕಿದ್ದರೆ ನೂರಕ್ಕೆ 84 ಉಳಿದಿದೆ ಎಂದು ಬರುತ್ತಿತ್ತು, ರೋಗಿ ವಾರಗಟ್ಟಲೆ ಒಂಟಿ ಕೋಣೆಯಲ್ಲಿ ಕೂರಬೇಕಾಗುತ್ತಿತ್ತು.

ದೇಹದಿಂದ ಹೊರಟ ಅಯೋಡಿನ್ ಊರಿನ ಚರಂಡಿಗೆ ನೇರವಾಗಿ ಸೇರುವಂತಿಲ್ಲ. ಆ ಕೋಣೆಯ ಶೌಚಾಲಯದ ಕೊಳವೆ ಹೋಗಿ ಸೇರುವುದು ಡಿಲೇ ಟ್ಯಾಂಕ್ ಎಂಬ ತೊಟ್ಟಿಗೆ. ಒಂದು ತೊಟ್ಟಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುತ್ತಾರೆ. ತೊಟ್ಟಿಗೆ ಮೂತ್ರಪಿಂಡಗಳಿಲ್ಲ, ಆದ್ದರಿಂದ ಅಲ್ಲಿ ನಡೆಯುವುದು ಮತ್ತೆ ನಮ್ಮ ಮೊದಲ ಕೋಷ್ಟಕದ ಲೆಕ್ಕವೇ. ಹತ್ತು ಅರ್ಧಾಯು, ಅಂದರೆ 80 ದಿನ ಸುಮ್ಮನೆ ಇಟ್ಟರೆ ಇದ್ದದ್ದರಲ್ಲಿ ಸಾವಿರಕ್ಕೊಂದು ಪಾಲು ಉಳಿಯುತ್ತದೆ. ಆದರೆ ಹತ್ತು ಅರ್ಧಾಯು ಕಳೆದರೆ ಎಲ್ಲ ಮುಗಿಯಿತು ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಸಾವಿರಕ್ಕೊಂದು ಎನ್ನುವುದು ಎಷ್ಟಿತ್ತು ಎಂಬುದರ ಮೇಲೆ ಹೋಗುತ್ತದೆ: ತೊಟ್ಟಿ ಮುಚ್ಚಿದ ದಿನ 1000 ಮಿಲಿಕ್ಯೂರಿ ಇದ್ದರೆ 80 ದಿನದ ಮೇಲೂ ಒಂದು ಮಿಲಿಕ್ಯೂರಿ, ಅಂದರೆ ಸೆಕೆಂಡಿಗೆ 3 ಕೋಟಿ 70 ಲಕ್ಷ ಪರಮಾಣುಗಳು ಒಡೆಯುತ್ತಲೇ ಇರುತ್ತವೆ. ಹೀಗಾಗಿ ತೊಟ್ಟಿಯ ಬಾಯಿ ತೆರೆಯುವ ಮೊದಲು ನೀರಿನ ಮಾದರಿ ತೆಗೆದು ಅಳೆಯುತ್ತಾರೆ, ಹಿನ್ನೆಲೆಯನ್ನು ಕಳೆದು.